ಗೆರೆಯ ಮೇಲಿನ ಹದಿನೆಂಟು

ಆಸ್ಪತ್ರೆಯ ಹಿಂಬದಿಯ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಮಿಲ್ಲಿಮೀಟರ್ ಅಕ್ಕ ಎಂದು. ಮೊದಲು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಆ ಹೆಸರು ಸವೆದು ನುಣುಪಾಗಿ ಈಗ ಎದುರಿಗೇ ಕರೆಯುವಷ್ಟಾಗಿತ್ತು. ಮನೆಯಲ್ಲೂ ಅವಳ ಕತೆ ಬೇರೆಯಲ್ಲ. ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಮಗಳ ಎತ್ತರವನ್ನು ಪ್ರತಿ ಹುಟ್ಟುಹಬ್ಬಕ್ಕೂ ಪೆನ್ಸಿಲಿನಲ್ಲಿ ಗೀಟು ಹಾಕಿ ಗುರುತಿಸಿದ್ದಳು. ಮಗಳು ತುದಿಗಾಲಲ್ಲಿ ನಿಂತು ಮೋಸ ಮಾಡಲು ನೋಡಿದ ವರ್ಷ, ಹಿಮ್ಮಡಿಯ ಕೆಳಗೆ ಕಾಗದ ತೂರಿಸಿ ಪರೀಕ್ಷೆ ಮಾಡಿದ್ದಳಂತೆ. ಈಗ ಬೇರೆ ಊರಲ್ಲಿ ನರ್ಸಿಂಗ್ ಓದುತ್ತಿರುವ ಆ ಮಗಳು ಇದನ್ನು ಇವತ್ತಿಗೂ ಕಂಡಕಂಡವರಿಗೆ ಹೇಳಿಕೊಂಡು ನಗುತ್ತಾಳೆ.

ಅಕ್ಕನ ಕೆಲಸ ಅಳೆಯುವುದೇ. ರೋಗಿಯ ಗಾಯದಿಂದಲೋ ರಕ್ತದಿಂದಲೋ ಬೆಳೆದ ರೋಗಾಣುವನ್ನು ಉಪ್ಪುನೀರಿನಲ್ಲಿ ಕದಡಿ, ಆ ನೀರಿನ ಮಬ್ಬು ಮಾದರಿ ಕೊಳವೆಯ ಮಬ್ಬಿಗೆ ಸರಿಯಾಗಿ ಹೊಂದುವವರೆಗೆ ತಿಳಿಮಾಡಿ, ಹತ್ತಿಯ ಕಡ್ಡಿಯಿಂದ ತಟ್ಟೆಯಲ್ಲಿ ಜೆಲ್ಲಿಯಂತೆ ಹೆಪ್ಪುಗಟ್ಟಿದ, ರೋಗಾಣುವಿಗೆ ಆಹಾರವಾದ ಅಗರ್ ಮೇಲೆ ಮೂರು ದಿಕ್ಕಿನಿಂದ ಒತ್ತೊತ್ತಾಗಿ ಸವರಬೇಕು. ಅದರ ಮೇಲೆ ಔಷಧ ಹೀರಿದ ಕಾಗದದ ಬಿಲ್ಲೆಗಳನ್ನು ದೂರದೂರ ಇಟ್ಟು, ತಟ್ಟೆಯನ್ನು ಬೋರಲು ಹಾಕಿ ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಡಬೇಕು. ಮಾರನೆಯ ದಿನಕ್ಕೆ ತಟ್ಟೆಯ ತುಂಬ ರೋಗಾಣು ಹುಲ್ಲಿನಂತೆ ಹಬ್ಬಿರುತ್ತದೆ. ಬಿಲ್ಲೆಯಿಂದ ಔಷಧ ಇಳಿದು ಹರಡಿದ ಕಡೆ, ಆ ಔಷಧಕ್ಕೆ ಅದು ಸೋಲುವುದಾದರೆ, ಸುತ್ತ ಬೋಳು ವೃತ್ತ ಬಿಟ್ಟಿರುತ್ತದೆ. ಆ ವೃತ್ತದ ಅಡ್ಡಗಲವನ್ನು ತಟ್ಟೆಯ ಬೆನ್ನ ಕಡೆಯಿಂದ, ಕಪ್ಪು ಬಟ್ಟೆಯ ಮೇಲೆ ಹಿಡಿದು, ಸ್ಕೇಲಿನಲ್ಲಿ ಅಳೆಯಬೇಕು. ಕರ್ಬಿ-ಬಾಯರ್ ಪರೀಕ್ಷೆ ಎಂದರೆ ಇಷ್ಟೇ. ಇಷ್ಟೇ ಎಂದು ಹೇಳುವವರು ಅದನ್ನು ಮಾಡಿದವರಲ್ಲ ಎಂದು ಅಕ್ಕ ಹೇಳುತ್ತಿದ್ದಳು.

ಆ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ವರದಿ ಕೊಡುವ ಕಿಟಕಿಯ ಬಳಿ ಒಬ್ಬ ಹೆಂಗಸು ಬಂದು ನಿಂತಳು. ಕತ್ತಿನಲ್ಲಿ ಅಳತೆಯ ಟೇಪು ಜೋತುಬಿದ್ದಿತ್ತು. ಹಾಕಿಕೊಂಡೇ ಮನೆಯಿಂದ ಓಡಿಬಂದವಳು ಐದು ದಿನವಾದರೂ ಅದನ್ನು ತೆಗೆದಿರಲಿಲ್ಲವೇನೋ. ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುವ ಟೈಲರಮ್ಮ. ಒಂಬತ್ತು ವರ್ಷದ ಮಗಳು ಮೂಳೆ ವಾರ್ಡಿನಲ್ಲಿದ್ದಳು. ನಿಂತಲ್ಲಿ ನಿಲ್ಲದೆ ಹಾರುತ್ತಿದ್ದ ಆ ಹುಡುಗಿಗೆ ಮನೆಯವರು ಮಿಡತೆ ಎಂದೇ ಹೆಸರಿಟ್ಟಿದ್ದರು. ಮಿಡತೆ ಕಟ್ಟಡದ ಕೆಲಸ ನಡೆಯುತ್ತಿದ್ದ ಜಾಗದಲ್ಲಿ ಹಲಗೆಯ ಮೇಲಿಂದ ಹಾರಿ ಮೊಳೆಯ ಮೇಲೆ ಇಳಿದಿದ್ದಳು. ಮೊಳೆ ಒದ್ದೆ ಕ್ಯಾನ್ವಾಸ್ ಬೂಟಿನ ರಬ್ಬರ್ ತಳವನ್ನು ತೂರಿ ಹಿಮ್ಮಡಿಗೆ ಇಳಿದಿತ್ತು. ಮೊದಲು ಸಣ್ಣ ಗಾಯ ಎಂದು ಬಿಟ್ಟರು. ವಾರ ಕಳೆದ ಮೇಲೆ ಕಾಲು ಊದಿತು, ಜ್ವರ ಬಂತು. ಗುರುವಾರ ಮೂಳೆ ಡಾಕ್ಟರು ಗಾಯ ಬಿಡಿಸಿ ತೊಳೆದು, ಒಳಗಿನ ಕೀವನ್ನು ಲ್ಯಾಬಿಗೆ ಕಳಿಸಿ, ಆವತ್ತೇ ಸೆಫ್ಟಾಜಿಡಿಮ್ ಎಂಬ ಇಂಜೆಕ್ಷನ್ ಶುರು ಮಾಡಿದ್ದರು. ಒದ್ದೆ ಬೂಟು, ಮೊಳೆ ಎಂದರೆ ಯಾವ ರೋಗಾಣು ಇದ್ದೀತು ಎಂಬ ಅಂದಾಜು ಅವರಿಗಿತ್ತು. ಅಂದಾಜು ಸರಿಯೂ ಆಗಿತ್ತು. ತಟ್ಟೆಯ ಮೇಲೆ ಹಸಿರು ಬಣ್ಣ ಬಿಟ್ಟುಕೊಂಡು, ಮಾಗಿದ ದ್ರಾಕ್ಷಿಯ ವಾಸನೆ ಬೀರುತ್ತ ಬೆಳೆದದ್ದು ಸೂಡೊಮೊನಾಸ್. ಶನಿವಾರ ಅಕ್ಕನೇ ವೃತ್ತಗಳನ್ನು ಅಳೆದು ಬರೆದಿದ್ದಳು.

ಟೈಲರಮ್ಮ ಆ ವರದಿಯ ನಕಲನ್ನು ಕಿಟಕಿಯ ಕಟ್ಟೆಯ ಮೇಲೆ ಬಿಡಿಸಿಟ್ಟಳು. ಮಗಳ ಜ್ವರ ಇನ್ನೂ ಇಳಿದಿಲ್ಲ, ನಾಳೆ ಹನ್ನೊಂದಕ್ಕೆ ಮತ್ತೆ ಕಾಲು ಕೊಯ್ಯುತ್ತಾರಂತೆ, ಇಂಜೆಕ್ಷನ್ ಸರಿಯಾದದ್ದೇ ಇರುವುದರಿಂದ ಒಳಗೆ ಎಲ್ಲೋ ಕೀವು ಅಡಗಿರಬೇಕು ಅಂದರಂತೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಬೆರಳಿಟ್ಟು ತೋರಿಸಿದಳು.

"ನೋಡಿ ಮೇಡಂ, ನಂಗೆ ಅಳತೆ ಬಿಟ್ರೆ ಬೇರೇನೂ ಗೊತ್ತಿಲ್ಲ. ಇಲ್ಲಿ ಇಪ್ಪತ್ತೆಂಟು ಬಂದಿರೋ ಔಷಧಿ ಇದೆ. ಅದನ್ನ ಬಿಟ್ಟು ಹದಿನೆಂಟು ಬಂದಿರೋದನ್ನ ಯಾಕೆ ಕೊಡ್ತಿದಾರೆ? ಇದು ನೋಡಿ, ಇಪ್ಪತ್ತೆರಡು ಬಂದಿದೆ, ಅದಕ್ಕೆ ನಡುವಿಂದು ಅಂತ ಬರ್ದಿದೀರಿ. ಇಪ್ಪತ್ತೆರಡಕ್ಕೆ ಪಾಸಿಲ್ಲ, ಹದಿನೆಂಟಕ್ಕೆ ಪಾಸಾ?"

ಈ ಪ್ರಶ್ನೆಯನ್ನು ಅಕ್ಕ ನೂರು ಸಲ ಕೇಳಿದ್ದಳು. ಡಾಕ್ಟರಾದವರೇ ಕೆಲವರು ಕೇಳಿದ್ದರು. ಹಾಗಾಗಿ ಬೇಸರಿಸದೆ, ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದಂತೆ ನಿಧಾನವಾಗಿ ಹೇಳಿದಳು. ಒಂದು ಔಷಧದ ವೃತ್ತವನ್ನು ಇನ್ನೊಂದರ ವೃತ್ತಕ್ಕೆ ಹೋಲಿಸುವಂತಿಲ್ಲ. ಕೆಲವು ಔಷಧ ಅಗರ್ ಒಳಗೆ ನೀರಿಗೆ ಬಿದ್ದ ಮಸಿಯಂತೆ ದೂರ ಹರಿಯುತ್ತವೆ, ಕೆಲವು ಒಂದಡಿ ಇಡುವುದಕ್ಕೂ ಮೀನಮೇಷ ಎಣಿಸುತ್ತವೆ. ಬಿಲ್ಲೆಯಲ್ಲಿ ತುಂಬಿರುವ ಪ್ರಮಾಣವೂ ಬೇರೆ ಬೇರೆ. ವೃತ್ತ ದೊಡ್ಡದಾದ ಮಾತ್ರಕ್ಕೆ ಔಷಧ ಗಟ್ಟಿ ಎಂದಲ್ಲ. ಪ್ರತಿಯೊಂದಕ್ಕೂ ಅದರದೇ ಗೆರೆ ಇದೆ. ಎಷ್ಟು ಔಷಧಕ್ಕೆ ರೋಗಾಣು ನಿಲ್ಲುತ್ತದೆ, ಅಷ್ಟು ನಮ್ಮ ರಕ್ತದಲ್ಲಿ ಸಿಕ್ಕೀತೇ, ಹಿಂದೆ ಎಷ್ಟು ಜನಕ್ಕೆ ವಾಸಿಯಾಯಿತು ಎಂದೆಲ್ಲ ಅಳೆದೂ ಸುರಿದೂ ತಿಳಿದವರು ಎಳೆದ ಗೆರೆ. ಇಪ್ಪತ್ತೆರಡು ಬಂದ ಔಷಧಕ್ಕೆ ಗೆರೆ ಇಪ್ಪತ್ತೈದರಲ್ಲಿದೆ, ಅದಕ್ಕೇ ಪಾಸಿಲ್ಲ. ಸೆಫ್ಟಾಜಿಡಿಮ್‌ಗೆ ಗೆರೆ ಹದಿನೆಂಟು. ಇಪ್ಪತ್ತೆಂಟು ಬಂದ ಮೆರೊಪೆನೆಮ್ ಒಳ್ಳೆಯದೇ, ಆದರೆ ಅದನ್ನು ಬೇರೆ ದಾರಿ ಇಲ್ಲದಾಗ ತೆಗೆಯಲೆಂದು ಬೀರುವಿನಲ್ಲಿ ಇಟ್ಟ ಹಾಗೆ ಇಟ್ಟಿರುತ್ತಾರೆ.

ಟೈಲರಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ತಲೆಯಾಡಿಸಿದಳು. ಆಮೇಲೆ, ಗಿರಾಕಿಯ ರವಿಕೆಯ ಬಗ್ಗೆ ಕೇಳುವಷ್ಟು ಸಹಜವಾಗಿ ಕೇಳಿದಳು.

"ಗೆರೆ ಹದಿನೆಂಟು, ಬಂದಿದ್ದೂ ಹದಿನೆಂಟೇ. ಅಂಚು ಬಿಡಲ್ವಾ ನೀವು? ನಾವು ಮಕ್ಕಳ ಬಟ್ಟೆಗೆ ಒಂದಿಂಚಾದ್ರೂ ಒಳಗೆ ಮಡಚಿ ಬಿಟ್ಟಿರ್ತೀವಪ್ಪ. ಅಳತೆ ಅಂದ್ಮೇಲೆ ಅತ್ತಿತ್ತ ಆಗತ್ತಲ್ಲ."

ಅಕ್ಕ ಏನೋ ಉತ್ತರ ಕೊಟ್ಟಳು. ಏನು ಕೊಟ್ಟೆ ಎಂದು ಆಮೇಲೆ ಅವಳಿಗೇ ನೆನಪಾಗಲಿಲ್ಲ. ಟೈಲರಮ್ಮ ಹೋದ ಮೇಲೂ ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಉಳಿಯಿತು. ಹೌದು, ಅತ್ತಿತ್ತ ಆಗುತ್ತದೆ. ಇವತ್ತು ಹದಿನೆಂಟು ಬಂದದ್ದು ನಾಳೆ ಹದಿನೇಳು ಬಂದೀತು. ಸೂಡೊಮೊನಾಸ್‌ನ ವೃತ್ತದ ಅಂಚು ಮೊದಲೇ ಮಸುಕು, ಎಲ್ಲಿಗೆ ಸ್ಕೇಲು ಇಡಬೇಕೆಂದು ಕಣ್ಣು ತಡಕಾಡುತ್ತದೆ. ಕಾಗದದ ಮೇಲೆ ಮಾತ್ರ ಹದಿನೆಂಟಕ್ಕೆ "ಸೆನ್ಸಿಟಿವ್" ಅಂದರೆ ಪಾಸು, ಹದಿನೇಳಕ್ಕೆ "ನಡುವಿನದು". ಗೆರೆಯ ಆಚೆ ಈಚೆ ಎರಡು ಲೋಕ.

ಅವಳು ನಿಯಂತ್ರಣ ಪುಸ್ತಕ ತೆಗೆದಳು. ಲ್ಯಾಬಿನಲ್ಲಿ ಗುಣ ಗೊತ್ತಿರುವ ಒಂದು ಮಾದರಿ ರೋಗಾಣುವನ್ನು ಸಾಕಿಟ್ಟಿರುತ್ತಾರೆ. ವಾರಕ್ಕೊಮ್ಮೆ ಅದನ್ನೇ ತಟ್ಟೆಗೆ ಹಾಕಿ ಬಿಲ್ಲೆ ಇಡುತ್ತಾರೆ. ವೃತ್ತ ಇಂತಿಷ್ಟರ ಒಳಗೆ ಬಂದರೆ ಅಗರ್, ಬಿಲ್ಲೆ, ಶಾಖ, ಕೈ ಎಲ್ಲ ಸರಿ ಇದೆ ಎಂದರ್ಥ. ಸೆಫ್ಟಾಜಿಡಿಮ್‌ಗೆ ಆ ಮಾದರಿಯ ಮಿತಿ ಇಪ್ಪತ್ತೆರಡರಿಂದ ಇಪ್ಪತ್ತೊಂಬತ್ತು. ಆವತ್ತು ಬೆಳಿಗ್ಗೆಯೇ ಅಳೆದು ಇಪ್ಪತ್ತೆಂಟು ಎಂದು ಬರೆದು, ಮಿತಿಯೊಳಗಿದೆ ಎಂದು ಗುರುತು ಹಾಕಿದ್ದಳು. ಕಳೆದ ವಾರ ಇಪ್ಪತ್ತೆಂಟು. ಅದರ ಹಿಂದಿನ ವಾರ ಇಪ್ಪತ್ತೇಳು. ಅದಕ್ಕೂ ಹಿಂದೆ ಪುಟ ತಿರುವಿದಳು: ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೈದು, ಇಪ್ಪತ್ತೈದು, ಇಪ್ಪತ್ತಾರು. ತಿಂಗಳುಗಟ್ಟಲೆ ಅದೇ. ಪಕ್ಕದ ಬಿಲ್ಲೆಗಳ ಅಂಕಣ ನೋಡಿದಳು. ಅವೂ ಅಷ್ಟೇ. ಮೂರು ವಾರದಿಂದ ಎಲ್ಲವೂ ಒಂದೆರಡು ಮಿಲ್ಲಿಮೀಟರ್ ಹಿಗ್ಗಿಕೊಂಡು ಕೂತಿದ್ದವು. ಯಾವುದೂ ಮಿತಿ ದಾಟಿರಲಿಲ್ಲ, ಆದ್ದರಿಂದ ಯಾವುದೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ಮೂರು ವಾರದ ಹಿಂದೆ ಏನು ಬದಲಾಯಿತು? ಅಗರ್ ಪುಡಿ ಅದೇ ಡಬ್ಬಿ. ಬಿಲ್ಲೆ ಅದೇ. ಪೆಟ್ಟಿಗೆಯ ಶಾಖ ಮೂವತ್ತೈದೇ. ಮಬ್ಬಿನ ಮಾದರಿ ಕೊಳವೆಯೂ ಅದೇ, ಅವಧಿ ಮುಗಿದಿಲ್ಲ. ಸುರಿಯುವ ಕೈ ಅವಳದೇ, ಅಳತೆಯ ಗಾಜಿನ ಪಾತ್ರೆಯೂ ಅದೇ: ತಟ್ಟೆಗೆ ಇಪ್ಪತ್ತೈದು ಮಿಲ್ಲಿಲೀಟರ್, ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಇಪ್ಪತ್ತೆರಡು ವರ್ಷದಿಂದ ಇಪ್ಪತ್ತೈದು.

ಯೋಚಿಸುತ್ತ ಅವಳು ಮೇಜಿನ ಮೇಲಿನ ಗಾಜಿನ ಮುಚ್ಚಳದಿಂದ ರಬ್ಬರ್ ಬ್ಯಾಂಡೊಂದನ್ನು ತೆಗೆದುಕೊಂಡಳು. ಯಾವುದೋ ಕಾಲದಲ್ಲಿ ತಟ್ಟೆ ಒಡೆದು ಮುಚ್ಚಳ ಮಾತ್ರ ಉಳಿದಿತ್ತು. ಎಸೆಯಲು ಮನಸ್ಸಾಗದೆ ರಬ್ಬರ್ ಬ್ಯಾಂಡ್, ಪಿನ್ನು ಹಾಕಿಡಲು ಇಟ್ಟುಕೊಂಡಿದ್ದಳು. ಅದನ್ನೇ ನೋಡುತ್ತ ಇದ್ದವಳು ಒಮ್ಮೆಗೇ ಪಿನ್ನುಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಮುಚ್ಚಳವನ್ನು ಒರೆಸಿ, ತಟ್ಟೆಗಳ ಹೊಸ ಪೆಟ್ಟಿಗೆಯಿಂದ ತೆಗೆದ ಖಾಲಿ ತಟ್ಟೆಯೊಂದಕ್ಕೆ ಮುಚ್ಚಿದಳು. ಮುಚ್ಚಳ ತಟ್ಟೆಯನ್ನು ಮುಚ್ಚಲಿಲ್ಲ. ಒಳಗೇ ಹೋಗಿ ಕೂತಿತು.

ಅಮ್ಮನ ಚಪ್ಪಲಿಯೊಳಗೆ ಮಗುವಿನ ಕಾಲು ಕೂತ ಹಾಗೆ.

ಹೊಸ ತಟ್ಟೆ ಒಳಗಿನಿಂದ ನೂರು ಮಿಲ್ಲಿಮೀಟರ್ ಅಗಲವಿತ್ತು. ಹಳೆಯದು ತೊಂಬತ್ತು. ಬರಿಗಣ್ಣಿಗೆ ಒಂದೇ ಎನಿಸುವಷ್ಟು ಸಣ್ಣ ವ್ಯತ್ಯಾಸ. ಮೂರು ವಾರದ ಹಿಂದೆ ಹಳೆಯ ಪೆಟ್ಟಿಗೆ ಮುಗಿದು ಹೊಸದು ಬಂದಿತ್ತು. ಅಗಲದ ತಟ್ಟೆಗೆ ಅದೇ ಇಪ್ಪತ್ತೈದನ್ನು ಸುರಿದರೆ ಅಗರ್ ತೆಳ್ಳಗಾಗುತ್ತದೆ. ಅವಳು ಬಳಸದೆ ಉಳಿದಿದ್ದ ತಟ್ಟೆಯೊಂದರಿಂದ ಅಗರ್ ತುಂಡನ್ನು ಚೂರಿಯಲ್ಲಿ ಕೊಯ್ದು, ನಿಲ್ಲಿಸಿ, ಸ್ಕೇಲು ಹಿಡಿದಳು. ದಪ್ಪ ನಾಲ್ಕು ಮಿಲ್ಲಿಮೀಟರ್ ಇರಬೇಕಾದದ್ದು ಮೂರರ ಮೇಲೆ ಚೂರು ಇತ್ತು. ತೆಳುವಾದ ಅಗರಿನಲ್ಲಿ ಔಷಧಕ್ಕೆ ಕೆಳಗೆ ಇಳಿಯಲು ಜಾಗ ಕಡಿಮೆ, ಅದು ಪಕ್ಕಕ್ಕೆ ಹರಡುತ್ತದೆ, ವೃತ್ತ ಹಿಗ್ಗುತ್ತದೆ. ತರಬೇತಿಯ ಮೊದಲ ವಾರ ಅವಳೇ ಹೊಸಬರಿಗೆ ಹೇಳಿಕೊಡುವ ಪಾಠ ಇದು. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳಿಲ್ಲ.

ಮನಸ್ಸು ಏನೇನೋ ಸಬೂಬು ಹುಡುಕಿತು. ಮಿತಿಯೊಳಗೇ ಇತ್ತಲ್ಲ. ಹದಿನೆಂಟು ಹದಿನೆಂಟೇ ಇರಬಹುದಲ್ಲ. ಮೊದಲು ಗುಟ್ಟಾಗಿ ಮತ್ತೆ ಮಾಡಿ ನೋಡಿ, ನಾಳೆ ಖಚಿತವಾದ ಮೇಲೆ ಹೇಳಿದರಾಯಿತು. ಆದರೆ ನಾಳೆ ಹನ್ನೊಂದಕ್ಕೆ ಆ ಮಗುವನ್ನು ಮೇಜಿನ ಮೇಲೆ ಮಲಗಿಸುತ್ತಾರೆ. ಔಷಧ ಸರಿಯಿದೆ ಎಂದು ನಂಬಿ ಮಲಗಿಸುತ್ತಾರೆ. ಆ ನಂಬಿಕೆ ಅವಳ ಸ್ಕೇಲಿನ ಮೇಲೆ ನಿಂತಿದೆ. ಅಗರ್ ತುಂಡನ್ನು ಹಾಗೇ ಗಾಜಿನ ಪಟ್ಟಿಯ ಮೇಲಿಟ್ಟುಕೊಂಡು ಎದ್ದು ಮೇಡಂ ಕೋಣೆಗೆ ಹೋದಳು.

ಮೇಡಂ ಎಂದರೆ ಲ್ಯಾಬಿನ ಮುಖ್ಯ ಡಾಕ್ಟರು, ವರದಿಗಳಿಗೆ ಸಹಿ ಹಾಕುವವರು. ಅಕ್ಕ ಹೇಳುವಷ್ಟನ್ನೂ ಕನ್ನಡಕ ತೆಗೆದು ಕೇಳಿದರು. ಪುಸ್ತಕ ನೋಡಿದರು, ಅಗರ್ ತುಂಡು ನೋಡಿದರು. ಬೈಗುಳಕ್ಕೆ ಅಕ್ಕ ಸಿದ್ಧಳಾಗಿ ನಿಂತಿದ್ದಳು. ಮೇಡಂ ಪುಸ್ತಕವನ್ನು ಅವಳ ಕಡೆ ತಿರುಗಿಸಿ, ಮೂರು ವಾರದ ಮೂರು ಸಾಲಿನ ಕೊನೆಯಲ್ಲಿ ಇದ್ದ ತಮ್ಮದೇ ಮೂರು ಸಹಿಗಳ ಮೇಲೆ ಬೆರಳಿಟ್ಟರು. "ನೀನು ಒಬ್ಬಳೇ ಹೊತ್ಕೊಂಡು ಹೋಗ್ಬೇಡ," ಎಂದರು. "ಎರಡು ಜನ ಹೊರೋಣ. ಮೊದ್ಲು ಫೋನ್."

ಮೂಳೆ ಡಾಕ್ಟರಿಗೆ ಫೋನ್ ಹಚ್ಚಿದವಳು ಅಕ್ಕನೇ. ತನ್ನ ಹದಿನೆಂಟನ್ನು ನಾಳೆಯವರೆಗೆ ನಂಬಬೇಡಿ ಎಂದು ಹೇಳಿದಳು. ಅವರು ಒರಟಾಗಿಯೇ, ಆದರೆ ಬುದ್ಧಿಯ ಮಾತಾಡಿದರು. ಮಗುವಿಗೆ ಐದು ದಿನವಾದರೂ ಜ್ವರ ಬಿಟ್ಟಿಲ್ಲ, ಮೂಳೆ ಪಕ್ಕದಲ್ಲೇ ಇದೆ, ಕಾಯುತ್ತ ಕೂರಲಾರೆ, ಈ ಸಂಜೆಯೇ ಮೆರೊಪೆನೆಮ್‌ಗೆ ಬದಲಾಯಿಸುತ್ತೇನೆ ಎಂದರು. ಅದರ ಇಪ್ಪತ್ತೆಂಟು ಎರಡು ಇಳಿದರೂ ಮೂರು ಇಳಿದರೂ ಗೆರೆಗೆ ಬಹಳ ದೂರ, ಅದನ್ನು ನಂಬಬಹುದು ಎಂದು ಮೇಡಂ ಪಕ್ಕದಿಂದ ಹೇಳಿದರು. ಉಳಿದದ್ದು ಚಾಕುವಿನ ಪ್ರಶ್ನೆ.

"ನಿಮ್ಮ ತಟ್ಟೆ ಮತ್ತೆ ಹದಿನೆಂಟೇ ಅಂದ್ರೆ ಔಷಧಿ ಕೆಲಸ ಮಾಡ್ಬೇಕಿತ್ತು, ಮಾಡಿಲ್ಲ, ಒಳಗೆ ಕೀವಿದೆ ಅಂತ ನಾನು ತೆಗೀತೀನಿ," ಎಂದರು ಡಾಕ್ಟರು. "ಕಡಿಮೆ ಬಂತು ಅಂದ್ರೆ ಹೊಸ ಔಷಧಿಗೆ ಎರಡು ದಿನ ಕೊಟ್ಟು ನೋಡ್ತೀನಿ. ಬೆಳಿಗ್ಗೆ ಒಂಬತ್ತಕ್ಕೆ ಹೇಳಿ. ಒಂಬತ್ತೂಕಾಲಿಗೆ ಅಲ್ಲ."

ಅಲ್ಲಿಂದ ಮೂರು ತಾಸು ಅಕ್ಕ ತಲೆಯೆತ್ತದೆ ಕೆಲಸ ಮಾಡಿದಳು. ಪುಡಿ ತೂಗಿ, ಕರಗಿಸಿ, ಹಬೆಯ ಪಾತ್ರೆಯಲ್ಲಿ ಬೇಯಿಸಿ, ಕೈಗೆ ತಾಳುವಷ್ಟು ಆರಿಸಿದಳು. ಮೇಜು ಸಮತಟ್ಟಾಗಿದೆಯೇ ಎಂದು ನೀರಿನ ಗುಳ್ಳೆಯ ಮಟ್ಟ ಇಟ್ಟು ನೋಡಿದಳು. ನಾಲ್ಕು ಮಿಲ್ಲಿಮೀಟರ್ ದಪ್ಪ ಬರುವಂತೆ ಅಗಲದ ತಟ್ಟೆಗೆ ಮೂವತ್ತೊಂದೂವರೆ ಮಿಲ್ಲಿಲೀಟರ್ ಸುರಿದಳು. ಎರಡು ತಟ್ಟೆಗೆ ಮಾತ್ರ ಬೇಕೆಂದೇ ಹಳೆಯ ಇಪ್ಪತ್ತೈದನ್ನು ಸುರಿದಳು, ತಪ್ಪು ತಪ್ಪೇ ಹೌದೋ ಎಂದು ತಿಳಿಯಲಿಕ್ಕೆ. ಮಿಡತೆಯ ರೋಗಾಣುವನ್ನು ಕಾಪಿಡಲೆಂದು ಹಿಂದಿನ ದಿನ ಹೊಸ ತಟ್ಟೆಗೆ ಹಾಕಿದ್ದರಿಂದ ಎಳೆಯ ಬೆಳೆ ಸಿದ್ಧವಿತ್ತು. ಮಬ್ಬು ಹೊಂದಿಸಿ, ಮೂರು ದಿಕ್ಕಿಗೆ ಸವರಿ, ಬಿಲ್ಲೆ ಇಟ್ಟು, ಪಕ್ಕದಲ್ಲಿ ಮಾದರಿ ರೋಗಾಣುವಿನ ತಟ್ಟೆಗಳನ್ನೂ ಅದೇ ರೀತಿ ಮಾಡಿ, ಮೂರೂವರೆಗೆ ಪೆಟ್ಟಿಗೆಯ ಬಾಗಿಲು ಹಾಕಿದಳು. ಇನ್ನು ಅವಸರಿಸಲಾಗದು. ಹದಿನಾರು ಗಂಟೆಯಾದರೂ ಬೇಕು. ಮಗುವಿನ ಹಾಗೆ ರೋಗಾಣುವೂ ತನ್ನ ಹೊತ್ತಿಗೇ ಬೆಳೆಯುತ್ತದೆ.

ಕಾಯುವ ಹೊತ್ತಿಗೆ ಕೆಲಸವಿಲ್ಲದೆ ಇರಲಿಲ್ಲ. ಮೇಡಂ ಮತ್ತು ಅವಳು ಮೂರು ವಾರದ ದಾಖಲೆ ಪುಸ್ತಕ ಹಿಡಿದು, ಗೆರೆಯಿಂದ ಎರಡು ಮೂರು ಮಿಲ್ಲಿಮೀಟರ್ ಒಳಗೆ ಪಾಸಾದವರನ್ನೆಲ್ಲ ಹುಡುಕಿದರು. ಮಿಡತೆಯನ್ನು ಬಿಟ್ಟು ಹನ್ನೊಂದು ಜನ ಸಿಕ್ಕರು. ಒಬ್ಬೊಬ್ಬರ ಡಾಕ್ಟರಿಗೂ ಫೋನ್ ಹೋಯಿತು. ಒಂಬತ್ತು ಜನ ಆಗಲೇ ವಾಸಿಯಾಗಿ ಮನೆಗೆ ಹೋಗಿದ್ದರು. ಒಬ್ಬ ಅಜ್ಜನಿಗೆ ಆ ಔಷಧವನ್ನು ಕೊಟ್ಟೇ ಇರಲಿಲ್ಲ. ಇನ್ನೊಬ್ಬರನ್ನು ಮರುಪರೀಕ್ಷೆಗೆ ಕರೆಸಲು ಹೇಳಿದರು. ವಾಸಿಯಾದ ಒಂಬತ್ತು ಜನರ ಹೆಸರಿನ ಮುಂದೆ ಅಕ್ಕನ ಪೆನ್ನು ತಡೆಯಿತು. ನಿಜವಾಗಿ ಗೆರೆಯ ಕೆಳಗಿದ್ದಿರಬಹುದಾದವರೂ ವಾಸಿಯಾದರಲ್ಲ? ಮೇಡಂ ನಕ್ಕರು. ತಟ್ಟೆಗೆ ರಕ್ತ ಹರಿಯುವುದಿಲ್ಲ, ಮೂತ್ರಪಿಂಡವಿಲ್ಲ, ಮೈಯ ಕಾವಲುಗಾರರಿಲ್ಲ. ಅದು ಹೇಳುವುದು ಬಹುಶಃ ಎಂಬ ಮಾತು, ನಾವು ಅದಕ್ಕೆ ಖಂಡಿತ ಎಂಬ ಮೊಹರು ಒತ್ತುತ್ತೇವೆ ಅಷ್ಟೇ ಎಂದರು.

ಮಂಗಳವಾರ ಅಕ್ಕ ಎಂಟಕ್ಕೇ ಬಂದಳು. ಬೇಕೆಂದೇ ಅವಳು ತಟ್ಟೆಗಳನ್ನು ಮೊದಲು ನೋಡಲಿಲ್ಲ. ಹೆಸರು ಬರೆದ ಜಾಗಕ್ಕೆ ಕಾಗದ ಅಂಟಿಸಿ ಮೇಡಂ ಮುಂದೆ ಇಟ್ಟಳು. ಯಾವುದು ತೆಳು, ಯಾವುದು ಸರಿ ಎಂದು ಹೇಳಲಿಲ್ಲ. ಕಣ್ಣು ತನಗೆ ಬೇಕಾದದ್ದನ್ನೇ ಅಳೆಯುತ್ತದೆ ಎಂಬುದು ಇಷ್ಟು ವರ್ಷದಲ್ಲಿ ಅವಳು ಕಲಿತದ್ದು. ಮೇಡಂ ಕಪ್ಪು ಬಟ್ಟೆಯ ಮೇಲೆ ಒಂದೊಂದನ್ನೇ ಹಿಡಿದು ಓದಿದರು, ಅಕ್ಕ ಬರೆದುಕೊಂಡಳು. ಹದಿನಾರು. ಹದಿನೆಂಟು. ಹದಿನಾರು. ಮಾದರಿ ರೋಗಾಣುವಿನವು ಇಪ್ಪತ್ತೆಂಟು, ಇಪ್ಪತ್ತೈದು.

ಕಾಗದ ಕಿತ್ತು ನೋಡಿದರು. ಹದಿನೆಂಟೂ ಇಪ್ಪತ್ತೆಂಟೂ ತೆಳು ತಟ್ಟೆಗಳವು. ಸರಿಯಾದ ತಟ್ಟೆಯಲ್ಲಿ ಮಿಡತೆಯ ವೃತ್ತ ಎರಡು ಸಲವೂ ಹದಿನಾರು. ಮೆರೊಪೆನೆಮ್ ಇಪ್ಪತ್ತಾರು. ಹದಿನಾರು ನಾಳೆ ಹದಿನೈದಾದರೂ ಹದಿನೇಳಾದರೂ ಅದು ನಡುವಿನದೇ, ಪಾಸಲ್ಲ. ಎಂಟೂಮುಕ್ಕಾಲಿಗೆ ಮೂಳೆ ಡಾಕ್ಟರಿಗೆ ಹೇಳಿದ್ದಾಯಿತು. ಅವರು ಕಾಲನ್ನು ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ, ಕೀವು ಕಟ್ಟಿದ ಜಾಗ ಕಾಣಲಿಲ್ಲವೆಂದು, ಹನ್ನೊಂದರ ಆಪರೇಷನ್ನನ್ನು ಎರಡು ದಿನ ಮುಂದಕ್ಕೆ ಹಾಕಿದರು.

ಅಷ್ಟಕ್ಕೆ ಅಕ್ಕನ ಕೆಲಸ ಮುಗಿಯಿತು ಎನ್ನಬಹುದಿತ್ತು. ಮನೆಯವರಿಗೆ ತಿಳಿಸುವುದು ಡಾಕ್ಟರ ಕೆಲಸ, ಅವರು ತಿಳಿಸುತ್ತೇನೆ ಎಂದೂ ಹೇಳಿದ್ದರು. ಆದರೂ ಅವಳು ಕೈ ತೊಳೆದು, ಕೋಟು ಕಳಚಿಟ್ಟು, ಮೂಳೆ ವಾರ್ಡಿನ ಕಡೆ ಹೋದಳು. ಟೈಲರಮ್ಮ ಮೊಗಸಾಲೆಯ ಬೆಂಚಿನ ಮೇಲೆ ಕೂತು ಮಗಳ ಫ್ರಾಕಿನ ಅಂಚು ಬಿಚ್ಚುತ್ತಿದ್ದಳು. ಆಪರೇಷನ್ ಮುಂದಕ್ಕೆ ಹೋದ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಮುಖದಲ್ಲಿ ಐದು ದಿನದ ನಿದ್ದೆ ಇಲ್ಲದಿದ್ದರೂ ಚೂರು ಬೆಳಕಿತ್ತು. ಆ ಬೆಳಕಿನ ಮುಂದೆ ನಿಂತು ಹೇಳುವುದು ಇನ್ನೂ ಕಷ್ಟವಾಯಿತು.

"ಹದಿನೆಂಟು ಅಂತ ಬರೆದಿದ್ದು ನಾನು," ಎಂದಳು ಅಕ್ಕ. "ಅದು ಹದಿನಾರು. ತಟ್ಟೆ ಅಗಲ ಆಗಿತ್ತು, ನಾನು ನೋಡ್ಕೊಳ್ಳಿಲ್ಲ."

ಟೈಲರಮ್ಮನ ಕೈ ನಿಂತಿತು. ಮುಖ ಎತ್ತಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಮೊನ್ನೆ ರಾತ್ರಿಯೆಲ್ಲ ಅತ್ಲು," ಎಂದಳು. "ನೀನು ಹಾರಿದ್ದಕ್ಕೇ ಹಿಂಗಾಯ್ತು ಅಂತ ನಾನು ಬೈದೆ ಅವಳಿಗೆ. ಔಷಧಿ ನಾಟ್ತಿಲ್ಲ ಅಂತ ನಂಗೇನು ಗೊತ್ತು."

ಕ್ಷಮಿಸಿ ಎಂಬ ಮಾತು ಅಕ್ಕನ ಬಾಯಲ್ಲಿ ಇತ್ತು, ಆದರೆ ಅದು ಆ ರಾತ್ರಿಯ ಅಳುವಿಗೆ ಸಾಕಾಗುವ ಅಳತೆಯದಲ್ಲ ಎನಿಸಿತು. ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಒಳಗಿನಿಂದ ಮಿಡತೆ ಅಮ್ಮಾ ಎಂದು ಕರೆದಾಗ ಟೈಲರಮ್ಮ ಎದ್ದು ಹೋದಳು, ಫ್ರಾಕು ಬೆಂಚಿನ ಮೇಲೇ ಉಳಿಯಿತು. ಹೋಗುವುದೋ ಇರುವುದೋ ತಿಳಿಯದೆ ಅಕ್ಕ ಆ ಫ್ರಾಕನ್ನು ಮಡಿಲಿಗೆ ಎಳೆದುಕೊಂಡು, ಬಿಚ್ಚಿದ ಅಂಚಿನ ಹಳೆಯ ದಾರದ ತುಣುಕುಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು. ಟೈಲರಮ್ಮ ವಾಪಸು ಬಂದು ಅದನ್ನು ನೋಡಿದಳು. ಕಿತ್ತುಕೊಳ್ಳಲಿಲ್ಲ. ಪಕ್ಕದಲ್ಲಿ ಕೂತು ಇನ್ನೊಂದು ಕಡೆಯ ಅಂಚು ಬಿಚ್ಚಿದಳು.

"ಒಂದೇ ಬಟ್ಟೆನ ಅಗಲಕ್ಕೆ ಕತ್ತರಿಸಿದ್ರೆ ಉದ್ದ ಕಡಿಮೆಯಾಗತ್ತೆ," ಎಂದಳು ಬಿಚ್ಚುತ್ತಲೇ. "ನಂಗೂ ಆಗಿದೆ. ಒಂದು ಶಾಲೆಯ ನಲವತ್ತು ಲಂಗ." ಒಂದು ದಾರ ಎಳೆದು ತೆಗೆದು, "ಲಂಗ ಬೇರೆ, ಮಗು ಬೇರೆ," ಎಂದಳು.

"ಹೌದು," ಎಂದಳು ಅಕ್ಕ.

"ಹೇಳೋಕೆ ಬಂದ್ರಲ್ಲ. ಬರದೇನೂ ಇರಬೋದಿತ್ತು," ಎಂದಳು ಟೈಲರಮ್ಮ.

ಗುರುವಾರ ಬೆಳಿಗ್ಗೆ ಮಿಡತೆಯ ಜ್ವರ ಇಳಿಯಿತು. ಮತ್ತೆ ಏರಲಿಲ್ಲ. ಊತ ತಗ್ಗಿತು, ರಕ್ತದ ಪರೀಕ್ಷೆಯಲ್ಲಿ ಉರಿಯೂತದ ಅಂಕಿ ಅರ್ಧಕ್ಕೆ ಇಳಿಯಿತು. ಆಪರೇಷನ್ ಬೇಡವೆಂದಾಯಿತು. ಅಕ್ಕನಿಗೆ ಒಂದೇ ಒಂದು ಸಂಗತಿ ತಿಳಿಯಬೇಕಿತ್ತು. ಮೂಳೆ ಡಾಕ್ಟರು ಲ್ಯಾಬಿಗೆ ಬಂದಾಗ ತಡೆದು ಕೇಳಿದಳು: ತನ್ನ ಎರಡು ಮಿಲ್ಲಿಮೀಟರ್ ಮಗುವಿಗೆ ಐದು ದಿನದ ನೋವು ಕೊಟ್ಟಿತೇ? ಅವರು ಮೊದಲ ಸಲ ಮೆತ್ತಗೆ ಮಾತಾಡಿದರು. ಶನಿವಾರದವರೆಗೆ ವರದಿಯೇ ಇರಲಿಲ್ಲ, ಆ ಎರಡು ದಿನವನ್ನಂತೂ ಅವಳ ಲೆಕ್ಕಕ್ಕೆ ಬರೆಯಲಾಗದು. ಉಳಿದ ದಿನಗಳಲ್ಲಿ ಔಷಧ ಸೋತಿರಬಹುದು. ಅಥವಾ ಹಿಂದಿನ ಗುರುವಾರ ತೊಳೆದ ಗಾಯ ತನ್ನ ಪಾಡಿಗೆ ಮಾಗಲು ಇಷ್ಟು ದಿನ ಬೇಕಿತ್ತೋ ಏನೋ. ಇದೇ ಮಗುವನ್ನು ಎರಡು ಸಲ ನೋಡಲು ಆಗುವುದಿಲ್ಲವಲ್ಲ ಎಂದರು. ತಟ್ಟೆಯನ್ನು ಎರಡು ಸಲ ಮಾಡಬಹುದು. ಮಗುವನ್ನು ಒಂದೇ ಸಲ.

ಉತ್ತರ ಸಿಗಲಿಲ್ಲ. ಅದನ್ನು ಹಾಗೇ ಇಟ್ಟುಕೊಂಡು ಬದುಕುವುದನ್ನು ಅಕ್ಕ ಕಲಿಯಬೇಕಾಯಿತು. ಅವಳು ಕೈಲಾದದ್ದನ್ನು ಮಾಡಿದಳು. ಪ್ರತಿ ಹೊಸ ಪೆಟ್ಟಿಗೆ ಬಂದಾಗ ಮೊದಲ ತಟ್ಟೆಯನ್ನು ಅಳೆದು ನೋಡುವುದು, ಪ್ರತಿ ಸಲ ಸುರಿದಾಗ ಒಂದರಿಂದ ಅಗರ್ ತುಂಡು ಕೊಯ್ದು ದಪ್ಪ ನೋಡುವುದು, ನಿಯಂತ್ರಣದ ಅಂಕಿ ಮಿತಿಯೊಳಗಿದ್ದರೂ ಒಂದೇ ಕಡೆಗೆ ವಾಲುತ್ತಿದೆಯೇ ಎಂದು ನೋಡುವುದು. ವೃತ್ತ ಗೆರೆಯ ಮೇಲೆಯೇ ಬಂದು ಕೂತರೆ ವರದಿ ಹೋಗುವ ಮುಂಚೆ ಇನ್ನೊಮ್ಮೆ ಪರೀಕ್ಷೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಹಳೆಯ ಗಾಜಿನ ಮುಚ್ಚಳ ಮತ್ತೆ ರಬ್ಬರ್ ಬ್ಯಾಂಡ್ ತುಂಬಿಕೊಂಡು ಮೇಜಿನ ಮೇಲೆ ಕೂತಿತು.

ಎರಡು ವಾರವಾದ ಮೇಲೆ ಮಿಡತೆಯನ್ನು ಮನೆಗೆ ಕಳಿಸಿದರು. ಹೋಗುವ ದಾರಿ ಲ್ಯಾಬಿನ ಕಡೆಯಲ್ಲ, ಆದರೂ ತಾಯಿ ಮಗಳು ಆ ಕಡೆಯಿಂದಲೇ ಬಂದರು. ಫ್ರಾಕಿನ ಅಂಚು ಎರಡಿಂಚು ಕೆಳಗಿಳಿದಿತ್ತು. ಮಲಗಿದ್ದಲ್ಲೇ ಬೆಳೆದುಬಿಟ್ಟಿದ್ದಾಳೆ ಎಂದು ಟೈಲರಮ್ಮ ದೂರು ಹೇಳುವ ದನಿಯಲ್ಲಿ ಹೇಳಿದಳು. ಹುಡುಗಿ ಪಟ್ಟಿ ಕಟ್ಟಿದ ಕಾಲನ್ನು ಮೇಲೆತ್ತಿಕೊಂಡು, ಅಮ್ಮನ ಕೈ ಹಿಡಿದು, ಮೊಗಸಾಲೆಯ ಚೌಕಚೌಕದ ನೆಲದ ಮೇಲೆ ಕುಂಟಾಬಿಲ್ಲೆ ಆಡುವಂತೆ ಒಂಟಿ ಕಾಲಿನಲ್ಲಿ ಹಾರಿಕೊಂಡು ಬರುತ್ತಿದ್ದಳು. ಬೇಡ ಎಂದರೆ ಕೇಳುವ ಮಗುವಾಗಿದ್ದರೆ ಮಿಡತೆ ಎಂಬ ಹೆಸರೇಕೆ ಬರುತ್ತಿತ್ತು? ಕಿಟಕಿಯ ಮುಂದಿನ ಕೊನೆಯ ಹಾರುವಿಕೆಯಲ್ಲಿ ಊರಿದ ಕಾಲಿನ ಹಿಮ್ಮಡಿ ಎರಡು ಚೌಕದ ನಡುವಿನ ಗೆರೆಯ ಮೇಲೇ ಬಿತ್ತು. ತಾಯಿ ಔಟು ಎಂದಳು. ಹುಡುಗಿ ಒಪ್ಪಲಿಲ್ಲ. ಕಿಟಕಿಯೊಳಗೆ ಸ್ಕೇಲು ಹಿಡಿದು ಕೂತವರನ್ನು ಕಂಡು ನ್ಯಾಯಕ್ಕೆ ಕರೆದಳು.

"ಆಂಟಿ, ಗೆರೆ ಮೇಲೆ ಬಂದ್ರೆ ಔಟಾ?"

ಅಕ್ಕ ಕಿಟಕಿಯಿಂದ ಬಗ್ಗಿ ಆ ಪುಟ್ಟ ಪಾದವನ್ನು ನೋಡಿದಳು.

"ಔಟೂ ಅಲ್ಲ ಪುಟ್ಟಿ, ಪಾಸೂ ಅಲ್ಲ," ಎಂದಳು. "ಇನ್ನೊಂದು ಸಲ ಆಡ್ಬೇಕು."

ಮಿಡತೆ ತಾಯಿಯ ಕಡೆ ಗೆದ್ದ ಮುಖ ತೋರಿಸಿ, ಹಿಂದಿನ ಚೌಕಕ್ಕೆ ಹೋಗಿ ನಿಂತಳು. ಟೈಲರಮ್ಮ ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಹಾರುವ ಮುಂಚೆ ಒಂದು ಸಲ ಕಿಟಕಿಯ ಕಡೆ ನೋಡಿ ನಕ್ಕಳು.